ಕ್ಯಾಮೆರಾ ಒಂದು ವಸ್ತು, ಟ್ರ್ಯಾಕರ್ ಒಂದು ಮಾತು: ವಿಮಾ ಕಂಪನಿಗೆ ಬರೆಯಬೇಕಾದ ಇಮೇಲ್

ತುಮಕೂರಿನಲ್ಲಿರುವ ನಮ್ಮ ಭಾವ ಹೋದ ತಿಂಗಳು ಕಾರಿಗೆ ಎರಡು ಹೊಸ ಸಾಮಾನು ಹಾಕಿಸಿದರು. ಒಂದು ಹಿಂದೆ-ಮುಂದೆ ಎರಡೂ ಕಡೆ ರೆಕಾರ್ಡ್ ಮಾಡುವ ಡ್ಯಾಶ್‌ಕ್ಯಾಮ್, ಬೆಲೆ 9,500 ರೂಪಾಯಿ. ಇನ್ನೊಂದು ಸಿಮ್ ಇರುವ ಜಿಪಿಎಸ್ ಟ್ರ್ಯಾಕರ್, 3,800 ರೂಪಾಯಿ. ಎರಡನ್ನೂ ಹೊರಗಿನ ಅಂಗಡಿಯಲ್ಲಿ ಕೊಂಡು ಕೂರಿಸಿದ್ದು. ಆಮೇಲೆ ಫೋನ್ ಮಾಡಿ ಕೇಳಿದರು: "ಇನ್ಶೂರೆನ್ಸ್‌ನವರಿಗೆ ಇವೆರಡನ್ನೂ ಹಾಕಿಸಿದ್ದೀನಿ ಅಂತ ಒಂದು ಸಾಲು ಬರೆದು ಹಾಕಿದರೆ ಸಾಕಲ್ವಾ?"

ಸಾಕಾಗುವುದಿಲ್ಲ. ಆ ಒಂದು ಸಾಲಿಗೆ ಬರುವ ಉತ್ತರ "ನಿಮ್ಮ ವಿನಂತಿ ದಾಖಲಾಗಿದೆ" ಎಂಬುದು, ಜೊತೆಗೊಂದು ಹತ್ತಂಕಿಯ ನಂಬರ್. ನಾಳೆ ಕ್ಲೇಮ್ ಬಂದಾಗ ಅದರಿಂದ ಏನೂ ಸಿಗುವುದಿಲ್ಲ. ತಿಳಿಸುವುದು ಬೇರೆ, ಪಾಲಿಸಿಗೆ ಸೇರಿಸುವುದು ಬೇರೆ. ಅದಕ್ಕಿಂತ ಮುಖ್ಯವಾಗಿ, ಕ್ಯಾಮೆರಾ ಮತ್ತು ಟ್ರ್ಯಾಕರ್ ವಿಮೆಯ ಕಣ್ಣಿಗೆ ಒಂದೇ ಜಾತಿಯವಲ್ಲ. ಕ್ಯಾಮೆರಾ ಒಂದು ವಸ್ತು. ಅದಕ್ಕೆ ಬೆಲೆ ಇದೆ, ಹೋದರೆ ದುಡ್ಡು ಕೊಡಬೇಕೋ ಬೇಡವೋ ಎಂಬುದಷ್ಟೇ ಪ್ರಶ್ನೆ. ಟ್ರ್ಯಾಕರ್ ಹಾಗಲ್ಲ. ಅದರ ಹೆಸರಿನಲ್ಲಿ ರಿಯಾಯಿತಿ ಪಡೆದರೆ ನೀವು ಕಂಪನಿಗೆ ಒಂದು ಮಾತು ಕೊಟ್ಟ ಹಾಗೆ. ಎರಡನ್ನೂ ಒಂದೇ ವಾಕ್ಯದಲ್ಲಿ ಕಟ್ಟಿ ಕಳಿಸಿದರೆ ಉತ್ತರವೂ ಕಲಸುಮೇಲೋಗರವಾಗಿಯೇ ಬರುತ್ತದೆ.

ಮೊದಲು ಕ್ಯಾಮೆರಾ ನೋಡೋಣ.

ನಮ್ಮ ದೇಶದ ಖಾಸಗಿ ಕಾರಿನ ಪ್ಯಾಕೇಜ್ ಪಾಲಿಸಿಯಲ್ಲಿ ಎರಡು ಭಾಗ ಇರುತ್ತದೆ. ಥರ್ಡ್ ಪಾರ್ಟಿ ಭಾಗದ ಪ್ರೀಮಿಯಂ ಸರ್ಕಾರ ನಿಗದಿ ಮಾಡಿದ್ದು. ನೀವು ಹತ್ತು ಕ್ಯಾಮೆರಾ ಹಾಕಿದರೂ ಅದು ಒಂದು ರೂಪಾಯಿ ಆಚೀಚೆ ಆಗುವುದಿಲ್ಲ. ಕ್ಯಾಮೆರಾ ಮುಟ್ಟುವುದು ಓನ್ ಡ್ಯಾಮೇಜ್ ಭಾಗವನ್ನು, ಅಂದರೆ ನಿಮ್ಮದೇ ಗಾಡಿಗೆ ಆದ ನಷ್ಟದ ಭಾಗವನ್ನು. (ಬರೀ ಥರ್ಡ್ ಪಾರ್ಟಿ ಪಾಲಿಸಿ ಇದ್ದವರು ಕ್ಯಾಮೆರಾ ಸೇರಿಸಿ ಎಂದು ಬರೆಯುವ ಕಷ್ಟ ತೆಗೆದುಕೊಳ್ಳಬೇಕಿಲ್ಲ. ಸೇರಿಸುವುದಕ್ಕೆ ಅಲ್ಲಿ ಜಾಗವೇ ಇಲ್ಲ.)

ಓನ್ ಡ್ಯಾಮೇಜ್ ಭಾಗದಲ್ಲಿ ಕಂಪನಿ ಕೊಡುವ ಗರಿಷ್ಠ ಮೊತ್ತಕ್ಕೆ ಐಡಿವಿ ಅನ್ನುತ್ತಾರೆ. ಕಾರು ತಯಾರಿಸಿದವರ ಪಟ್ಟಿ ಬೆಲೆಯಿಂದ ಗಾಡಿಯ ವಯಸ್ಸಿಗೆ ತಕ್ಕ ಸವಕಳಿ ಕಳೆದು ಅದನ್ನು ಹಿಡಿಯುತ್ತಾರೆ. ಷೋರೂಮಿನ ಆ ಪಟ್ಟಿ ಬೆಲೆಯೊಳಗೆ ಬಂದ ಮ್ಯೂಸಿಕ್ ಸಿಸ್ಟಮ್ ಐಡಿವಿಯಲ್ಲಿ ತಾನಾಗಿಯೇ ಸೇರಿರುತ್ತದೆ. ಭಾವ ಆಮೇಲೆ ಹಾಕಿಸಿದ ಕ್ಯಾಮೆರಾ ಆ ಬೆಲೆಯಲ್ಲಿ ಇರಲಿಲ್ಲ. ಹಾಗಾಗಿ ಐಡಿವಿಯಲ್ಲೂ ಇಲ್ಲ. ಅದನ್ನು ಸೇರಿಸಬೇಕಾದರೆ "ಐಎಂಟಿ 24" ಎಂಬ ಎಂಡಾರ್ಸ್‌ಮೆಂಟ್ ಬೇಕು. ಎಂಡಾರ್ಸ್‌ಮೆಂಟ್ ಅಂದರೆ ಪಾಲಿಸಿಗೆ ಅಂಟಿಸುವ ತಿದ್ದುಪಡಿ ಹಾಳೆ. 24ನೆಯದು ಹೊರಗಿನಿಂದ ಹಾಕಿಸಿದ ಎಲೆಕ್ಟ್ರಿಕಲ್ ಮತ್ತು ಎಲೆಕ್ಟ್ರಾನಿಕ್ ಸಾಮಾನುಗಳಿಗೇ ಇರುವುದು.

ಇದರ ದರ ಹಳೆಯ ಮೋಟಾರ್ ಟಾರಿಫ್‌ನಲ್ಲಿ ಸಾಮಾನಿನ ಬೆಲೆಯ ಶೇಕಡಾ 4 ಇತ್ತು. 2007ರ ಜನವರಿಯಿಂದ ಓನ್ ಡ್ಯಾಮೇಜ್ ದರವನ್ನು ಕಂಪನಿಗಳೇ ಇಟ್ಟುಕೊಳ್ಳಬಹುದು. ಆದ್ದರಿಂದ ನಿಮ್ಮ ಕಂಪನಿ ಎಷ್ಟು ಹಿಡಿಯುತ್ತದೆ ಎಂದು ಕೇಳಲೇಬೇಕು. ಲೆಕ್ಕಕ್ಕೆ ಹಳೆಯ 4ನ್ನೇ ಇಟ್ಟುಕೊಳ್ಳೋಣ. 9,500ಕ್ಕೆ ವರ್ಷಕ್ಕೆ 380 ರೂಪಾಯಿ. ಭಾವನ ಪಾಲಿಸಿಯಲ್ಲಿ ಇನ್ನು ಏಳು ತಿಂಗಳು ಉಳಿದಿತ್ತು. ಆ ಪ್ರಮಾಣಕ್ಕೆ 222, ಅದರ ಮೇಲೆ ಶೇಕಡಾ 18 ಜಿಎಸ್‌ಟಿ ಸೇರಿ ಸುಮಾರು 262 ರೂಪಾಯಿ. ಒಂದು ಸಂಜೆಯ ಹೋಟೆಲ್ ಬಿಲ್ಲು, ಅಷ್ಟೇ.

ಆದರೆ ಈ 262ಕ್ಕೆ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂಬಲ್ಲಿ ಜನ ಎಡವುತ್ತಾರೆ. ಐಎಂಟಿ 24ರ ಮಾತಿನಲ್ಲೇ ಎರಡು ಗೆರೆ ಎಳೆದಿದ್ದಾರೆ. ಒಂದು, ಸಾಮಾನು ಗಾಡಿಗೆ ಕೂರಿಸಿದ ಸ್ಥಿತಿಯಲ್ಲಿ ಇರಬೇಕು. ರಾತ್ರಿ ಬಿಚ್ಚಿ ಮನೆಯೊಳಗೆ ತಂದಿಟ್ಟ ಕ್ಯಾಮೆರಾ ಮನೆಯಲ್ಲಿ ಕಳುವಾದರೆ ಕಾರಿನ ಪಾಲಿಸಿಗೆ ಸಂಬಂಧವಿಲ್ಲ. ಎರಡು, ಮೆಕ್ಯಾನಿಕಲ್ ಅಥವಾ ಎಲೆಕ್ಟ್ರಿಕಲ್ ಬ್ರೇಕ್‌ಡೌನ್‌ನಿಂದ ಕೆಟ್ಟರೆ ದುಡ್ಡಿಲ್ಲ. ಏಪ್ರಿಲ್ ಬಿಸಿಲಿಗೆ ಗಾಜಿನ ಹಿಂದೆ ಕಾದು ಕ್ಯಾಮೆರಾದ ಬ್ಯಾಟರಿ ಉಬ್ಬಿಕೊಂಡರೆ ಅದು ವಾರಂಟಿಯ ವಿಷಯ, ವಿಮೆಯದಲ್ಲ.

ಇನ್ನೊಂದು ಲೆಕ್ಕವೂ ಇದೆ. ಇದನ್ನು ಯಾವ ಏಜೆಂಟೂ ತಾನಾಗಿ ಹೇಳಿದ್ದನ್ನು ನಾನು ಕೇಳಿಲ್ಲ. ಭಾವ ಮೂರು ವರ್ಷದಿಂದ ಕ್ಲೇಮ್ ಮಾಡಿಲ್ಲ, ಈಗ ಅವರಿಗೆ ಶೇಕಡಾ 35 ನೋ ಕ್ಲೇಮ್ ಬೋನಸ್ ಇದೆ. ಅವರ ಓನ್ ಡ್ಯಾಮೇಜ್ ಪ್ರೀಮಿಯಂ ಬೋನಸ್ ಕಳೆಯುವ ಮೊದಲು 12,000 ಎಂದುಕೊಳ್ಳಿ. ಯಾರೋ ಕಿಟಕಿ ಒಡೆದು ಕ್ಯಾಮೆರಾ ಒಂದನ್ನೇ ಕಿತ್ತುಕೊಂಡು ಹೋದರು. ಸರ್ವೇಯರ್ ಸವಕಳಿ ಅಂತ ಒಂದೂವರೆ ಸಾವಿರ ಕಳೆದ ಎಂದಿಟ್ಟುಕೊಳ್ಳೋಣ. 1,500 ಸಿಸಿ ಒಳಗಿನ ಕಾರಿಗೆ ಕಡ್ಡಾಯ ಕಡಿತ 1,000. ಕ್ಯಾಮೆರಾಕ್ಕೆ ಕೈಗೆ ಬರುವುದು 7,000.

ಈಗ ಇನ್ನೊಂದು ಕಡೆ ನೋಡಿ. ಕ್ಲೇಮ್ ಮಾಡದಿದ್ದರೆ ಮುಂದಿನ ವರ್ಷ ಬೋನಸ್ ಶೇಕಡಾ 45ಕ್ಕೆ, ಆಮೇಲೆ 50ಕ್ಕೆ ಏರಿ ಅಲ್ಲೇ ನಿಲ್ಲುತ್ತಿತ್ತು. ಮಾಡಿದ್ದಕ್ಕೆ ಅದು ಸೊನ್ನೆ, ಆಮೇಲೆ 20, ಆಮೇಲೆ 25. ಮೊದಲ ವರ್ಷದ ನಷ್ಟ 5,400, ಎರಡನೇ ವರ್ಷ 3,600, ಮೂರನೇ ವರ್ಷ 3,000. ಒಟ್ಟು 12,000. ಏಳು ಸಾವಿರಕ್ಕೆ ಹನ್ನೆರಡು ಸಾವಿರ ಕಟ್ಟಿದ ಹಾಗಾಯಿತು. ಬೋನಸ್ ಉಳಿಸುವ ಆಡ್-ಆನ್ ಕೊಂಡಿದ್ದರೆ ಲೆಕ್ಕ ಬದಲಾಗುತ್ತದೆ, ಭಾವ ಕೊಂಡಿರಲಿಲ್ಲ.

ಅಂದರೆ ಕ್ಯಾಮೆರಾ ಒಂದೇ ಕಳುವಾದಾಗ ಈ ಎಂಡಾರ್ಸ್‌ಮೆಂಟ್ ಇದ್ದೂ ಹೆಚ್ಚು ಉಪಯೋಗವಿಲ್ಲ. ಇದು ಕೆಲಸಕ್ಕೆ ಬರುವುದು ಇಡೀ ಕಾರೇ ಕಳುವಾದಾಗ, ಸುಟ್ಟಾಗ, ಅಥವಾ ಮುಂಭಾಗ ಜಜ್ಜಿಹೋಗಿ ಹೇಗಿದ್ದರೂ ಕ್ಲೇಮ್ ಮಾಡಲೇಬೇಕಾದಾಗ. ಭಾವ 262 ಕಟ್ಟಿದರು. ನಾನಾಗಿದ್ದರೆ ಮೂರು ಸಾವಿರದ ಕ್ಯಾಮೆರಾಕ್ಕೆ ಕಟ್ಟುತ್ತಿರಲಿಲ್ಲ, ಬಿಲ್ಲು ಮಾತ್ರ ಜೋಪಾನ ಮಾಡಿ ಇಟ್ಟುಕೊಳ್ಳುತ್ತಿದ್ದೆ.

ಸೇರಿಸದೇ ಬಿಟ್ಟರೆ ಕಾರಿನ ಕ್ಲೇಮೇ ತಿರಸ್ಕಾರವಾಗುತ್ತದೆ ಎಂದು ಕೆಲವರು ಹೆದರಿಸುತ್ತಾರೆ. ಸಾಮಾನ್ಯವಾಗಿ ಕ್ಯಾಮೆರಾ ವಿಷಯದಲ್ಲಿ ಅಷ್ಟು ದೂರ ಹೋಗುವುದಿಲ್ಲ. ಸೇರಿಸದ ಕ್ಯಾಮೆರಾಕ್ಕೆ ದುಡ್ಡು ಸಿಗುವುದಿಲ್ಲ, ಅಷ್ಟೇ. ಸಿಎನ್‌ಜಿ ಕಿಟ್ ಮುಚ್ಚಿಡುವುದು ಬೇರೆ ಮಾತು, ಅದು ಗಾಡಿಯ ಅಪಾಯವನ್ನೇ ಬದಲಿಸುತ್ತದೆ, ಆರ್‌ಸಿಯಲ್ಲೂ ಬರಬೇಕು. ಕ್ಯಾಮೆರಾದಲ್ಲಿ ಅಂಥ ಜಗಳ ಹುಟ್ಟುವುದಿದ್ದರೆ ಅದು ವೈರಿಂಗ್‌ನಿಂದ. ಅಂಗಡಿ ಹುಡುಗ ಮೂಲ ವೈರಿನ ಸಿಪ್ಪೆ ಸುಲಿದು, ತಿರುಚಿ, ಟೇಪ್ ಸುತ್ತಿ ಕರೆಂಟ್ ತೆಗೆದಿದ್ದರೆ ನಾಳೆ ಡ್ಯಾಶ್‌ಬೋರ್ಡ್ ಹಿಂದೆ ಬೆಂಕಿ ಹೊತ್ತಾಗ ಸರ್ವೇಯರ್ ಮೊದಲು ನೋಡುವುದೇ ಅದನ್ನು. ಸರಿಯಾದ ದಾರಿ ಎಂದರೆ ಫ್ಯೂಸ್ ಬಾಕ್ಸಿನಲ್ಲಿ ಫ್ಯೂಸ್ ಟ್ಯಾಪ್ ಹಾಕಿ, ಕ್ಯಾಮೆರಾಕ್ಕೇ ಬೇರೆ ಫ್ಯೂಸ್ ಕೊಟ್ಟು ಎಳೆಯುವುದು. ಭಾವನ ಕಾರಿನಲ್ಲಿ ಕೈಹಾಕಿ ನೋಡಿದೆ. ಕ್ಯಾಮೆರಾ ಸರಿಯಾಗಿತ್ತು. ಟ್ರ್ಯಾಕರ್ ಮಾತ್ರ ಟೇಪ್ ಸುತ್ತಿದ ಜೋಡಣೆ. ವಾಪಸ್ ಕಳಿಸಿ ಬಿಚ್ಚಿಸಿ ಮತ್ತೆ ಹಾಕಿಸಿದೆವು, ಕೆಲಸದ ಬಿಲ್ಲಿನಲ್ಲಿ "ಫ್ಯೂಸ್ ಸಹಿತ ಜೋಡಣೆ" ಎಂದು ಬರೆಸಿಕೊಂಡೆವು. ಇಮೇಲ್‌ಗೆ ಲಗತ್ತಿಸಿದ್ದು ಆ ಬಿಲ್ಲನ್ನೇ.

ಇನ್ನು ಟ್ರ್ಯಾಕರ್.

ಕಳ್ಳತನ ತಡೆಯುವ ಸಾಧನ ಇದ್ದರೆ ರಿಯಾಯಿತಿ ಉಂಟು ಎಂದು ಎಲ್ಲರೂ ಕೇಳಿರುತ್ತಾರೆ. ಉಂಟು. ಹಳೆಯ ಟಾರಿಫ್ ಪ್ರಕಾರ ಅದು ಓನ್ ಡ್ಯಾಮೇಜ್ ಪ್ರೀಮಿಯಂನ ಶೇಕಡಾ ಎರಡೂವರೆ, ಹೆಚ್ಚೆಂದರೆ 500 ರೂಪಾಯಿ. ಭಾವನ 12,000ಕ್ಕೆ 300 ರೂಪಾಯಿ. ಆದರೆ ಅದಕ್ಕೆ ಎರಡು ಕಾಗದ ಬೇಕು. ಸಾಧನಕ್ಕೆ ಪುಣೆಯ ಎಆರ್‌ಎಐ ಸಂಸ್ಥೆಯ ಅನುಮೋದನೆ ಇರಬೇಕು. ಅದನ್ನು ಗಾಡಿಗೆ ಕೂರಿಸಿರುವುದಕ್ಕೆ ಆಟೋಮೊಬೈಲ್ ಅಸೋಸಿಯೇಷನ್‌ನ ಪ್ರಮಾಣಪತ್ರ ಇರಬೇಕು. ಆನ್‌ಲೈನ್‌ನಲ್ಲಿ ಕೊಂಡ ಟ್ರ್ಯಾಕರ್‌ಗಳ ಡಬ್ಬಿಯ ಮೇಲೆ ಏನೇನೋ ಮುದ್ರೆ ಇರುತ್ತದೆ. ಎಐಎಸ್ 140 ಎಂದೂ ಇರಬಹುದು. ಅದು ಬಸ್ಸು, ಟ್ಯಾಕ್ಸಿಗಳಲ್ಲಿ ಗಾಡಿ ಎಲ್ಲಿದೆ ಎಂದು ತೋರಿಸುವ ಯಂತ್ರಕ್ಕೆ ಮಾಡಿದ ಮಾನದಂಡ. ಕಳ್ಳತನ ತಡೆಯುವ ಸಾಧನದ ಅನುಮೋದನೆ ಅಲ್ಲ. ಟ್ರ್ಯಾಕರ್ ಕಳ್ಳನನ್ನು ತಡೆಯುವುದೂ ಇಲ್ಲ ಅನ್ನಿ, ಅವನು ಹೋದ ದಾರಿ ತೋರಿಸುತ್ತದೆ.

ಈ ರಿಯಾಯಿತಿಯ ಹಾಳೆ "ಐಎಂಟಿ 10". ಅದರ ಕೊನೆಯ ವಾಕ್ಯವನ್ನು ನಿಧಾನವಾಗಿ ಓದಬೇಕು. ಪಾಲಿಸಿ ಮುಗಿಯುವವರೆಗೆ ಎಲ್ಲ ಕಾಲದಲ್ಲೂ ಆ ಸಾಧನವನ್ನು ಸುಸ್ಥಿತಿಯಲ್ಲಿ ಇಟ್ಟುಕೊಳ್ಳುವುದು ವಿಮೆ ಮಾಡಿಸಿದವರ ಹೊಣೆ ಎಂದು ಅಲ್ಲಿದೆ. ನಾನು ಮೊದಲೇ ಹೇಳಿದ ಮಾತು ಕೊಡುವುದು ಇದೇ. ಟ್ರ್ಯಾಕರ್ ಒಳಗಿನ ಸಿಮ್‌ಗೆ ಒಂದು ವರ್ಷದ ರೀಚಾರ್ಜ್ ಜೊತೆಯಲ್ಲೇ ಬಂದಿರುತ್ತದೆ. ಎರಡನೇ ವರ್ಷ ಕಟ್ಟಲು ಮರೆಯುತ್ತೀರಿ. ಆ್ಯಪ್‌ನಲ್ಲಿ ಕಾರು ಮೂರು ವಾರದಿಂದ ನಿಮ್ಮ ಮನೆ ಮುಂದೆಯೇ ನಿಂತಿರುತ್ತದೆ, ನಿಜವಾದ ಕಾರು ಹಾಸನದಲ್ಲಿದ್ದರೂ. ಆ ಹೊತ್ತಿಗೆ ಕಾರು ಕಳುವಾದರೆ, ಮುನ್ನೂರು ರೂಪಾಯಿ ರಿಯಾಯಿತಿ ಪಡೆದು ಕೊಟ್ಟ ಮಾತಿಗೆ ತಪ್ಪಿದಿರಿ ಎಂಬ ವಾದಕ್ಕೆ ನೀವೇ ಬಾಗಿಲು ತೆರೆದ ಹಾಗೆ. ಆ ವಾದ ಕೊನೆಗೆ ನಿಲ್ಲುತ್ತದೋ ಇಲ್ಲವೋ, ಐದಾರು ಲಕ್ಷದ ಕ್ಲೇಮ್ ಅದರಲ್ಲಿ ಸಿಕ್ಕಿಬೀಳುವುದೇ ಬೇಡ.

ಇಲ್ಲೊಂದು ಸಣ್ಣ ಗುಂಡಿ ಇದೆ. ಆನ್‌ಲೈನ್ ರಿನ್ಯೂವಲ್ ಮಾಡುವಾಗ "ಆಂಟಿ ಥೆಫ್ಟ್ ಡಿವೈಸ್ ಇದೆಯೇ?" ಎಂದು ಒಂದು ಚೌಕ ಬರುತ್ತದೆ. ಟ್ರ್ಯಾಕರ್ ಇದೆಯಲ್ಲ ಎಂದು ಟಿಕ್ ಮಾಡಿಬಿಡುತ್ತಾರೆ. ಪ್ರೀಮಿಯಂ ಸ್ವಲ್ಪ ಇಳಿಯುತ್ತದೆ, ಖುಷಿ. ಆ ಪ್ರಶ್ನೆ ಕೇಳುತ್ತಿರುವುದು ಅನುಮೋದನೆ ಪಡೆದ ಸಾಧನದ ಬಗ್ಗೆ. ಪ್ರಮಾಣಪತ್ರ ಇಲ್ಲದೆ ಟಿಕ್ ಮಾಡಿದರೆ ಅದು ತಪ್ಪು ಮಾಹಿತಿ. ಭಾವನ ಪಾಲಿಸಿಯ ಶೆಡ್ಯೂಲ್ ತೆಗೆದು ನೋಡಿದರೆ ಅಲ್ಲೂ 300 ರೂಪಾಯಿ ಕಳೆದಿತ್ತು! ಟ್ರ್ಯಾಕರ್ ಹಾಕಿಸುವುದಕ್ಕೂ ಮೊದಲಿನ ಪಾಲಿಸಿ ಅದು. ಯಾರು ಟಿಕ್ ಮಾಡಿದ್ದು ಎಂದು ಕೇಳಿದರೆ, "ನಂಗೇನ್ ಗೊತ್ತು, ಮಗ ಮಾಡಿದ್ದು" ಅಂದರು. ಅದನ್ನೂ ಇಮೇಲ್‌ನಲ್ಲಿ ಸರಿಮಾಡಬೇಕಾಯಿತು.

ಹಾಗಾದರೆ ರಿಯಾಯಿತಿ ಬೇಡ ಎಂದ ಮೇಲೆ ಟ್ರ್ಯಾಕರ್ ವಿಷಯ ಹೇಳುವುದು ಯಾಕೆ? ಕಾರು ಕಳುವಾದ ದಿನ ಅದು ಹೇಗಿದ್ದರೂ ಹೊರಬರುತ್ತದೆ. ಪೊಲೀಸರಿಗೆ ನೀವೇ ಕೊನೆಯ ಲೊಕೇಶನ್ ಕೊಡುತ್ತೀರಿ, ಅದು ಎಫ್‌ಐಆರ್‌ನಲ್ಲಿ ಬರುತ್ತದೆ, ಕಂಪನಿ ಓದುತ್ತದೆ. ಆಗ ಮೊದಲ ಸಲ ಗೊತ್ತಾಗುವುದಕ್ಕಿಂತ ಮೊದಲೇ ಕಡತದಲ್ಲಿ ಇರುವುದು ವಾಸಿ. ಇನ್ನೊಂದು, ಟ್ರ್ಯಾಕರ್ ಇದ್ದ ಮೇಲೆ ನಿಮಗೆ "ಗೊತ್ತಿರಲಿಲ್ಲ" ಅನ್ನುವುದು ಕಷ್ಟ. ರಾತ್ರಿ 2ಕ್ಕೆ ಕಾರು ಚಲಿಸಿದ ಸೂಚನೆ ಫೋನಿಗೆ ಬಂದಿದೆ, ನೀವು ಮರುದಿನ ಸಂಜೆ ಠಾಣೆಗೆ ಹೋಗಿದ್ದೀರಿ ಎಂದರೆ ಆ ಹೊತ್ತಿನ ಲೆಕ್ಕ ಕೇಳುತ್ತಾರೆ. ಎಫ್‌ಐಆರ್ ತಕ್ಷಣ ಆಗಿದ್ದು, ಕಳವು ನಿಜವಾಗಿದ್ದರೆ, ಕಂಪನಿಗೆ ತಿಳಿಸಲು ತಡವಾಯಿತು ಎಂಬ ಒಂದೇ ಕಾರಣಕ್ಕೆ ಕ್ಲೇಮ್ ತಳ್ಳಿಹಾಕುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಆದರೆ ಠಾಣೆಗೇ ತಡವಾಗಿ ಹೋದವರಿಗೆ ಆ ತೀರ್ಪಿನ ಆಸರೆ ಅಷ್ಟಾಗಿ ಇಲ್ಲ.

ಇಷ್ಟು ಗೊತ್ತಾದ ಮೇಲೆ ಇಮೇಲ್ ಬರೆಯುವುದು ಸುಲಭ. ಏಜೆಂಟ್‌ಗೆ ವಾಟ್ಸಾಪ್ ಮಾಡಿ "ಆಯ್ತು ಸರ್" ಅನ್ನಿಸಿಕೊಂಡರೆ ಸಾಲದು. ಪಾಲಿಸಿ ಹಾಳೆಯ ಮೇಲೆ ಅಚ್ಚಾಗಿರುವ ಕಂಪನಿಯ ವಿಳಾಸಕ್ಕೇ, ನೀವು ಪಾಲಿಸಿಗೆ ಕೊಟ್ಟಿರುವ ಇಮೇಲ್‌ನಿಂದಲೇ ಕಳಿಸಿ. ನಾವು ಕಳಿಸಿದ್ದು ಇಂಗ್ಲಿಷಿನಲ್ಲಿ, ಓದುವವರು ಬೇರೆ ರಾಜ್ಯದಲ್ಲಿ ಕೂತಿರುತ್ತಾರೆ. ಅದರ ಒಕ್ಕಣೆ ಹೀಗಿತ್ತು:

> ವಿಷಯ: ಪಾಲಿಸಿ ಸಂಖ್ಯೆ ____, ವಾಹನ ಸಂಖ್ಯೆ ____: ಡ್ಯಾಶ್‌ಕ್ಯಾಮ್ ಸೇರ್ಪಡೆ, ಟ್ರ್ಯಾಕರ್ ಮಾಹಿತಿ, ರಿಯಾಯಿತಿ ತಿದ್ದುಪಡಿ
>
> ಮಾನ್ಯರೇ,
>
> ಮೇಲಿನ ಕಾರಿಗೆ ____ ದಿನಾಂಕದಂದು ಎರಡು ಸಾಧನ ಹಾಕಿಸಿದ್ದೇನೆ. ಇವು ಕಾರಿನ ಮೂಲ ಬೆಲೆಯಲ್ಲಿ ಸೇರಿಲ್ಲ.
>
> ಮೊದಲನೆಯದು, ಎರಡು ಲೆನ್ಸಿನ ಡ್ಯಾಶ್‌ಕ್ಯಾಮ್, ಬೆಲೆ ರೂ. 9,500. ಇದನ್ನು ಐಎಂಟಿ 24ರ ಅಡಿ ಪಾಲಿಸಿಗೆ ಸೇರಿಸಿ. ಎಷ್ಟು ಮೌಲ್ಯ ಹಿಡಿಯುತ್ತೀರಿ, ಉಳಿದ ಅವಧಿಗೆ ಹೆಚ್ಚುವರಿ ಪ್ರೀಮಿಯಂ ಎಷ್ಟು, ರಕ್ಷಣೆ ಯಾವ ದಿನಾಂಕದಿಂದ ಶುರು ಎಂದು ತಿಳಿಸಿ. ಕ್ಯಾಮೆರಾ ಮಾತ್ರ ಕಳುವಾದರೆ ಕ್ಲೇಮ್ ಇದೆಯೇ, ಇದ್ದರೆ ಸವಕಳಿ ಹೇಗೆ ಹಿಡಿಯುತ್ತೀರಿ ಎಂದೂ ತಿಳಿಸಿ.
>
> ಎರಡನೆಯದು, ಜಿಪಿಎಸ್ ಟ್ರ್ಯಾಕರ್, ಬೆಲೆ ರೂ. 3,800. ಇದು ನಿಮ್ಮ ಮಾಹಿತಿಗೆ ಮಾತ್ರ. ಇದಕ್ಕೆ ಎಆರ್‌ಎಐ ಅನುಮೋದನೆಯ ಪ್ರಮಾಣಪತ್ರ ನನ್ನ ಬಳಿ ಇಲ್ಲ. ಹಾಗಾಗಿ ರಿಯಾಯಿತಿ ಕೇಳುತ್ತಿಲ್ಲ. ಈಗಿನ ಪಾಲಿಸಿಯಲ್ಲಿ ಕಳ್ಳತನ ತಡೆ ಸಾಧನದ ರಿಯಾಯಿತಿ ರೂ. 300 ತಪ್ಪಾಗಿ ಬಂದಿದೆ. ಅದನ್ನು ತೆಗೆದು, ನಾನು ಕಟ್ಟಬೇಕಾದ ವ್ಯತ್ಯಾಸ ತಿಳಿಸಿ. ಟ್ರ್ಯಾಕರ್ ಕೆಲಸ ಮಾಡದಿದ್ದರೆ ಕ್ಲೇಮ್ ಮೇಲೆ ಯಾವುದಾದರೂ ಷರತ್ತು ಅನ್ವಯಿಸುತ್ತದೆಯೇ?
>
> ಎರಡೂ ಸಾಧನಗಳನ್ನು ಬೇರೆ ಫ್ಯೂಸ್ ಹಾಕಿ ಜೋಡಿಸಲಾಗಿದೆ. ಈ ಜೋಡಣೆಗೆ ನಿಮ್ಮ ಆಕ್ಷೇಪ ಇದ್ದರೆ, ಅಥವಾ ಗಾಡಿ ಪರಿಶೀಲನೆ ಬೇಕಿದ್ದರೆ ತಿಳಿಸಿ. ಸಾಮಾನಿನ ಬಿಲ್ಲು, ಕೂರಿಸಿದ ಬಿಲ್ಲು, ಕ್ಯಾಮೆರಾದ ಫೋಟೋ ಲಗತ್ತಿಸಿದ್ದೇನೆ.
>
> ದಯವಿಟ್ಟು ಎಂಡಾರ್ಸ್‌ಮೆಂಟ್ ಕಳಿಸಿ, ಪ್ರಶ್ನೆಗಳಿಗೆ ಬರಹದಲ್ಲಿ ಉತ್ತರಿಸಿ.

ಇದರಲ್ಲಿ ಬೇಕೆಂದೇ ಬಿಟ್ಟ ಎರಡು ವಿಷಯ ಇವೆ. ಟ್ರ್ಯಾಕರ್ ಎಲ್ಲಿ ಬಚ್ಚಿಟ್ಟಿದ್ದೇವೆ ಎಂದು ಬರೆದಿಲ್ಲ, ಫೋಟೋವನ್ನೂ ಹಾಕಿಲ್ಲ. ಇಮೇಲ್ ಎಷ್ಟು ಕೈ ದಾಟುತ್ತದೋ ಯಾರಿಗೆ ಗೊತ್ತು. ಇನ್ನೊಂದು, "ಅಪಘಾತವಾದರೆ ವಿಡಿಯೋ ಕೊಡುತ್ತೇನೆ" ಎಂದು ಭಾವ ಮೊದಲ ಕರಡಿನಲ್ಲಿ ಬರೆದಿದ್ದರು, ಹೊಡೆದುಹಾಕಿದೆ. ಕ್ಲೇಮ್ ಬಂದಾಗ ಕಂಪನಿ ಕೇಳುವ ಮಾಹಿತಿ, ಸಹಾಯ ಕೊಡಬೇಕು ಎಂಬ ಷರತ್ತು ಪಾಲಿಸಿಯಲ್ಲಿ ಈಗಾಗಲೇ ಇದೆ. ಅದರ ಮೇಲೆ ನಾವೇ ಇನ್ನೊಂದು ಮಾತು ಕೊಡುವುದು ಯಾಕೆ? ಕ್ಯಾಮೆರಾ ಲೂಪ್‌ನಲ್ಲಿ ಓಡುತ್ತದೆ, ಕಾರ್ಡ್ ತುಂಬಿದ ಕೂಡಲೇ ಹಳೆಯದರ ಮೇಲೆ ಹೊಸದು ಬರೆಯುತ್ತದೆ. ಕೊಡುತ್ತೇನೆ ಎಂದು ಬರೆದುಕೊಟ್ಟ ವಿಡಿಯೋ ಅಳಿಸಿಹೋಗಿದ್ದರೆ ಮುಚ್ಚಿಟ್ಟ ಅನುಮಾನ ಬರುತ್ತದೆ. ವಿಡಿಯೋ ನಿಮ್ಮ ಪರ ಇದೆಯೋ ಇಲ್ಲವೋ, ಅಪಘಾತವಾದ ಕೂಡಲೇ ಕಾರ್ಡ್ ತೆಗೆದು ಎತ್ತಿಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಕೋರ್ಟಿನಲ್ಲಿ ಕಾಪಿ ಹಾಜರುಪಡಿಸಲು ಪ್ರಮಾಣಪತ್ರ ಬೇಕು, ಮೂಲ ಕಾರ್ಡ್ ಕೈಯಲ್ಲಿದ್ದರೆ ಆ ಕೆಲಸ ಹಗುರ.

ಉತ್ತರ ಬಂದದ್ದು ಎರಡು ಕಂತಿನಲ್ಲಿ. ಮೊದಲನೆಯದು ಅದೇ ಹತ್ತಂಕಿಯ ನಂಬರ್. ವಾರ ಬಿಟ್ಟು ಅದೇ ಇಮೇಲ್‌ಗೆ ಉತ್ತರವಾಗಿ ಮತ್ತೆ ಬರೆದೆವು, ಹೊಸದಾಗಿ ಅಲ್ಲ. ಆಗ ಮನುಷ್ಯರು ಬರೆದ ಉತ್ತರ ಬಂತು. ಕ್ಯಾಮೆರಾಕ್ಕೆ ಎಷ್ಟು, ತಪ್ಪಾದ ರಿಯಾಯಿತಿಗೆ ಎಷ್ಟು ಎಂದು ಬಿಡಿಸಿ ಹೇಳಿ, ಕಟ್ಟುವ ಲಿಂಕ್ ಕಳಿಸಿದ್ದರು. ಉತ್ತರವೇ ಬರದಿದ್ದರೆ ಕಂಪನಿಯ ದೂರು ವಿಭಾಗಕ್ಕೆ ಬರೆಯಬೇಕು, ಒಂದು ತಿಂಗಳಾದರೂ ಸುದ್ದಿ ಇಲ್ಲದಿದ್ದರೆ ಬೆಂಗಳೂರಿನ ವಿಮಾ ಲೋಕಪಾಲರಿಗೆ ಹೋಗಬಹುದು.

ಎಂಡಾರ್ಸ್‌ಮೆಂಟ್ ಕೈಗೆ ಬಂದ ಮೇಲೆ ನೋಡಬೇಕಾದ್ದು ಎರಡೇ ಜಾಗ. ಒಂದು, ಜಾರಿಯ ದಿನಾಂಕ. ಇಮೇಲ್ ಕಳಿಸಿದ ದಿನದಿಂದ ರಕ್ಷಣೆ ಶುರುವಾಗುವುದಿಲ್ಲ, ಈ ಹಾಳೆಯಲ್ಲಿ ಬರೆದ ದಿನದಿಂದ. ಇನ್ನೊಂದು, "ಎಲೆಕ್ಟ್ರಿಕಲ್ ಆಕ್ಸೆಸರಿ" ಎಂಬ ಕಾಲಂನಲ್ಲಿ ಮೊತ್ತ ಬಂದಿದೆಯೇ ಎಂದು. ಭಾವನದರಲ್ಲಿ ಬಂದಿತ್ತು. ಆದರೆ ಮುಂದಿನ ರಿನ್ಯೂವಲ್‌ಗೆ ಬೇರೆ ಕಂಪನಿಯ ದರ ನೋಡೋಣ ಎಂದು ಮೊನ್ನೆ ಪೋರ್ಟಲ್ ತೆರೆದರೆ ಅದೇ ಕಾಲಂನಲ್ಲಿ ಸೊನ್ನೆ ಕೂತಿತ್ತು, ಆಂಟಿ ಥೆಫ್ಟ್ ಚೌಕದ ಮೇಲೆ ಟಿಕ್ ಮೊದಲೇ ಬಿದ್ದಿತ್ತು. ಈ ಸಲ ಮಗನನ್ನು ಆಚೆ ಕಳಿಸಿ ಭಾವನೇ ಕೂತು ಭರ್ತಿ ಮಾಡಿದರು.